ನಾಲ್ಕೇ ಬಿಂದು, ಒಂದು ಗೆರೆ: ಕನಿಷ್ಠ ವರ್ಗ ವಿಧಾನದ ನಾರ್ಮಲ್ ಸಮೀಕರಣ ಎಲ್ಲಿಂದ ಬರುತ್ತದೆ? (ಪದೇ ಪದೇ ಕೇಳುವ ಪ್ರಶ್ನೆಗಳು)

`XᵀXw = Xᵀy` ಅನ್ನುವ ಸೂತ್ರ ತುಂಬ ಜನಕ್ಕೆ ಬಾಯಿಪಾಠ ಬರುತ್ತದೆ. ಇದು ಎಲ್ಲಿಂದ ಬಂತು ಅಂತ ಕೇಳಿದರೆ ಮಾತ್ರ ಪೆನ್ನು ಅಲ್ಲೇ ನಿಂತುಬಿಡುತ್ತದೆ. ನನ್ನದೂ ಒಂದು ಕಾಲದಲ್ಲಿ ಅದೇ ಕಥೆ. ಇಲ್ಲಿರುವ ಎಲ್ಲ ಉತ್ತರಗಳಿಗೂ ನಾಲ್ಕೇ ನಾಲ್ಕು ಬಿಂದುಗಳ ಒಂದು ಪುಟ್ಟ ಲೆಕ್ಕ ಇಟ್ಟುಕೊಂಡಿದ್ದೇನೆ, ಕ್ಯಾಲ್ಕುಲೇಟರ್ ಬೇಡ, ಕಾಗದ ಇದ್ದರೆ ಸಾಕು.

```
x :  0   1   2   3
y :  2   2   4   8
```

ಲೆಕ್ಕ ಏನು? ನೇರವಾಗಿ ಬಿಡಿಸಿದರೆ ಆಗಲ್ವಾ?

ನಮಗೆ ಬೇಕಿರುವುದು `y = a + bx` ಅನ್ನುವ ಒಂದು ಸರಳರೇಖೆ. ನಾಲ್ಕು ಬಿಂದುಗಳನ್ನೂ ಒಂದೊಂದಾಗಿ ಹಾಕಿ ನೋಡಿ:

```
a      = 2
a +  b = 2
a + 2b = 4
a + 3b = 8
```

ಸಮೀಕರಣ ನಾಲ್ಕು, ಗೊತ್ತಿಲ್ಲದ್ದು ಎರಡೇ. ಮೊದಲ ಎರಡರಿಂದ `a = 2, b = 0` ಬರುತ್ತದೆ. ಅದನ್ನು ಮೂರನೆಯದಕ್ಕೆ ಹಾಕಿದರೆ 2 = 4 ಆಗುತ್ತದೆ, ಮುಗೀತು. ನಾಲ್ಕೂ ಬಿಂದುಗಳ ಮೇಲೆ ಹಾದುಹೋಗುವ ಗೆರೆಯೇ ಇಲ್ಲ. ಹಾಗಾಗಿ ಪ್ರಶ್ನೆಯನ್ನೇ ಬದಲಾಯಿಸಬೇಕಾಗುತ್ತದೆ: ಎಲ್ಲವನ್ನೂ ಸರಿಯಾಗಿ ಮುಟ್ಟುವ ಗೆರೆ ಇಲ್ಲ ಅಂದಮೇಲೆ, ಒಟ್ಟಾರೆ ತಪ್ಪು ಅತಿ ಕಡಿಮೆ ಇರುವ ಗೆರೆ ಯಾವುದು?

ಒಂದು ಬಿಂದುವಿನಲ್ಲಿ ನಿಜವಾದ `y` ಬೆಲೆಯಿಂದ ಗೆರೆ ಹೇಳುವ ಬೆಲೆಯನ್ನು ಕಳೆದರೆ ಉಳಿಯುವುದನ್ನು ಉಳಿಕೆ ಅಂತ ಕರೆಯೋಣ. `r = y − a − bx`. ಗೆರೆಗಿಂತ ಮೇಲಿರುವ ಬಿಂದುವಿಗೆ ಉಳಿಕೆ ಪ್ಲಸ್, ಕೆಳಗಿದ್ದರೆ ಮೈನಸ್.

ವರ್ಗ ಯಾಕೆ? ಸುಮ್ನೆ ಉಳಿಕೆಗಳನ್ನೇ ಕೂಡಿದರೆ ಏನಾಗುತ್ತದೆ?

ಕೂಡಿ ನೋಡಿ, ಮಜಾ ಇದೆ. `y` ಸರಾಸರಿ 4, `x` ಸರಾಸರಿ 1.5. ಅಡ್ಡಲಾಗಿ `y = 4` ಅಂತ ಗೆರೆ ಎಳೆದರೆ ಉಳಿಕೆಗಳು −2, −2, 0, 4. ಮೊತ್ತ ಸೊನ್ನೆ! ಬರೀ ಇದೊಂದೇ ಅಲ್ಲ, (1.5, 4) ಮೂಲಕ ಹೋಗುವ ಯಾವ ಗೆರೆ ಎಳೆದರೂ, ಕಡಿದಾಗಿ ಮೇಲೇರಲಿ, ತಲೆಕೆಳಗಾಗಿ ಇಳಿಯಲಿ, ಮೊತ್ತ ಸೊನ್ನೆಯೇ ಬರುತ್ತದೆ. ಪ್ಲಸ್ಸು ಮೈನಸ್ಸು ಒಂದನ್ನೊಂದು ಹೊಡೆದುಹಾಕುತ್ತವೆ. ಇದರಿಂದ ಒಳ್ಳೆಯ ಗೆರೆ ಯಾವುದು ಅಂತ ಗೊತ್ತಾಗುವುದಿಲ್ಲ.

ಮೈನಸ್ ಚಿಹ್ನೆ ತೆಗೆದು ಬರೀ ಅಂತರಗಳನ್ನು ಕೂಡಬಹುದು, ಅದೂ ಒಂದು ವಿಧಾನವೇ. ಆದರೆ ಉಳಿಕೆ ಸೊನ್ನೆ ಆಗುವ ಕಡೆ ಆ ಮೊತ್ತಕ್ಕೆ ಮೊನಚಾದ ಮೂಲೆ ಇರುತ್ತದೆ, ಅಲ್ಲಿ ಡೆರಿವೇಟಿವ್ ಸಿಗುವುದಿಲ್ಲ. ವರ್ಗ ಮಾಡಿದರೆ ಎಲ್ಲ ಕಡೆ ನುಣುಪು. ಇನ್ನೂ ದೊಡ್ಡ ಅನುಕೂಲ ಅಂದರೆ, ವರ್ಗದ ಡೆರಿವೇಟಿವ್ ತೆಗೆದಾಗ ಘಾತ ಒಂದು ಇಳಿದು ಸರಳ ಸಮೀಕರಣವೇ ಕೈಗೆ ಬರುತ್ತದೆ. ಮುಂದೆ ಬರುವ ಲೆಕ್ಕವೆಲ್ಲ ಇಷ್ಟು ಸಲೀಸಾಗಿ ಆಗುವುದು ಇದರಿಂದಲೇ.

(ಈ ವಿಧಾನವನ್ನು ಮೊದಲು ಅಚ್ಚು ಹಾಕಿಸಿದ್ದು ಲೆಜಾಂಡ್ರ್, 1805ರಲ್ಲಿ, ಧೂಮಕೇತುಗಳ ಕಕ್ಷೆಯ ಲೆಕ್ಕಕ್ಕಾಗಿ. 1809ರಲ್ಲಿ ಗೌಸ್, ನಾನು ಇದನ್ನು 1795ರಿಂದಲೇ ಬಳಸುತ್ತಿದ್ದೇನೆ ಅಂದರು. ಜಗಳ ಆಯಿತು.)

ಸರಿ, ಗ್ರೇಡಿಯಂಟ್ ತೆಗೆಯುವುದು ಹೇಗೆ? ಒಂದು ಹೆಜ್ಜೆಯನ್ನೂ ಬಿಡದೆ ತೋರಿಸಿ.

ಮೊದಲು ವರ್ಗಗಳ ಮೊತ್ತ ಬರೆದುಕೊಳ್ಳಿ. ಇದಕ್ಕೆ `S` ಅನ್ನೋಣ:

```
S(a,b) = (2 − a)² + (2 − a − b)² + (4 − a − 2b)² + (8 − a − 3b)²
```

ಇಲ್ಲಿ ಒಂದು ಮಾತು ತಲೆಯಲ್ಲಿ ಕೂರಬೇಕು. `x`, `y` ಇಲ್ಲಿ ಬದಲಾಗುವ ಅಕ್ಷರಗಳಲ್ಲ, ಅವು ಆಗಲೇ ಬಂದುಬಿಟ್ಟ ಸಂಖ್ಯೆಗಳು. ಬದಲಾಗುವುದು `a` ಮತ್ತು `b`. ಶಾಲೆಯಿಂದಲೂ `x` ಅಂದರೆ ಗೊತ್ತಿಲ್ಲದ್ದು ಅಂತ ರೂಢಿಯಾಗಿರುವುದರಿಂದ ಇಲ್ಲಿ ಕೈ ತಪ್ಪುತ್ತದೆ.

`b`ಯನ್ನು ಅಲುಗಾಡಿಸದೆ ಹಿಡಿದುಕೊಂಡು `a` ಮೇಲೆ ಡೆರಿವೇಟಿವ್ ತೆಗೆಯಿರಿ. ಪ್ರತಿ ವರ್ಗದಿಂದಲೂ ಒಂದು 2 ಕೆಳಗಿಳಿಯುತ್ತದೆ, ಚೈನ್ ರೂಲ್ ಪ್ರಕಾರ ಒಳಗಿನ `−a`ಯಿಂದ ಒಂದು −1 ಬರುತ್ತದೆ:

```
∂S/∂a = −2[(2 − a) + (2 − a − b) + (4 − a − 2b) + (8 − a − 3b)]
      = −2[16 − 4a − 6b]
```

ಈಗ `a`ಯನ್ನು ಹಿಡಿದುಕೊಂಡು `b` ಮೇಲೆ. ಒಳಗೆ `−bx` ಇದೆ, ಹಾಗಾಗಿ ಚೈನ್ ರೂಲ್‌ನಿಂದ ಈಗ ಬರುವುದು −1 ಅಲ್ಲ, `−x`. ಪ್ರತಿ ಉಳಿಕೆಗೂ ಅದರದೇ `x` ಗುಣಿಸಿಕೊಳ್ಳುತ್ತದೆ:

```
∂S/∂b = −2[0·(2 − a) + 1·(2 − a − b) + 2·(4 − a − 2b) + 3·(8 − a − 3b)]
      = −2[34 − 6a − 14b]
```

34 ಎಲ್ಲಿಂದ ಬಂತು? 0·2 + 1·2 + 2·4 + 3·8, ಅಂದರೆ `x·y`ಗಳ ಮೊತ್ತ. 6 ಅಂದರೆ `x`ಗಳ ಮೊತ್ತ. 14 ಅಂದರೆ `x²`ಗಳ ಮೊತ್ತ, 0 + 1 + 4 + 9. ನಾನು ಕಲಿಯುವಾಗ ಒಂದು ಪರೀಕ್ಷೆಯಲ್ಲಿ ಈ `x` ಗುಣಿಸುವುದನ್ನೇ ಮರೆತಿದ್ದೆ. ಎರಡೂ ಸಮೀಕರಣ ಒಂದೇ ಆಗಿ ಬಂತು, ಬಿಡಿಸಲು ಹೋದರೆ 0 = 0. ಅರ್ಧ ಗಂಟೆ ಕೂಡುವುದರಲ್ಲಿ ತಪ್ಪು ಹುಡುಕಿದೆ, ತಪ್ಪು ಇದ್ದದ್ದು ಚೈನ್ ರೂಲ್‌ನಲ್ಲಿ. ನಿಮಗೂ ಎರಡು ಸಮೀಕರಣ ಒಂದೇ ಆಗಿ ಬಂದರೆ ಮೊದಲು ಇಲ್ಲೇ ನೋಡಿ.

ಎರಡನ್ನೂ ಸೊನ್ನೆ ಮಾಡಿ. ಮುಂದಿರುವ −2 ಹೊರಟುಹೋಗುತ್ತದೆ:

```
4a +  6b = 16
6a + 14b = 34
```

ನಾರ್ಮಲ್ ಸಮೀಕರಣಗಳು ಅಂದರೆ ಇವೇ. ಅರ್ಧ ಮಾಡಿ: `2a + 3b = 8`, `3a + 7b = 17`. ಮೊದಲನೆಯದನ್ನು 3ರಿಂದ, ಎರಡನೆಯದನ್ನು 2ರಿಂದ ಗುಣಿಸಿ ಕಳೆದರೆ `5b = 10`. ಆದ್ದರಿಂದ `b = 2`, `a = 1`. ಗೆರೆ `y = 1 + 2x`.

ಬಂದ ಉತ್ತರ ಸರಿಯಾ ಅಂತ ತಕ್ಷಣ ತಿಳಿಯುವುದು ಹೇಗೆ?

ಉಳಿಕೆಗಳನ್ನು ಬರೆಯಿರಿ. ಗೆರೆ ಹೇಳುವುದು 1, 3, 5, 7. ನಿಜವಾದದ್ದು 2, 2, 4, 8. ಉಳಿಕೆ 1, −1, −1, 1.

ಈಗ ಎರಡು ಮೊತ್ತ ನೋಡಿ. ಬರೀ ಉಳಿಕೆಗಳ ಮೊತ್ತ: 1 − 1 − 1 + 1 = 0. `x` ಗುಣಿಸಿದ ಮೊತ್ತ: 0 − 1 − 2 + 3 = 0. ಎರಡೂ ಸೊನ್ನೆ ಬರಲೇಬೇಕು, ಯಾಕಂದರೆ ಮೇಲೆ ಸೊನ್ನೆ ಮಾಡಿದ ಆ ಎರಡು ಚೌಕ ಕಂಸದೊಳಗೆ ಇದ್ದದ್ದು ಇವೇ ಮೊತ್ತಗಳು. ಕೈಲೆಕ್ಕದಲ್ಲಿ ಎಲ್ಲೋ ಎಡವಿದ್ದರೆ ಈ ಎರಡರಲ್ಲಿ ಒಂದಾದರೂ ಸೊನ್ನೆ ಆಗದೆ ಉಳಿಯುತ್ತದೆ. ಆದರೆ ಸಮೀಕರಣ ಬರೆಯುವ ಮೊದಲೇ ದತ್ತಾಂಶ ತಪ್ಪಾಗಿ ನಕಲು ಮಾಡಿಕೊಂಡಿದ್ದರೆ ಈ ಪರೀಕ್ಷೆ ಹಿಡಿಯುವುದಿಲ್ಲ, ಅದರ ವಿಷಯ ಕೆಳಗೆ ಬರುತ್ತದೆ.

"ನಾರ್ಮಲ್" ಅಂದರೆ ಸಾಮಾನ್ಯ ಅಂತ ಅರ್ಥವಾ? ನಾರ್ಮಲ್ ಡಿಸ್ಟ್ರಿಬ್ಯೂಷನ್‌ಗೆ ಸಂಬಂಧ ಇದೆಯಾ?

ಎರಡೂ ಅಲ್ಲ. ಇಲ್ಲಿ ನಾರ್ಮಲ್ ಅಂದರೆ ಲಂಬ ಅಂತ ತಿಳಿದುಕೊಂಡರೆ ಚಿತ್ರ ಸರಿಯಾಗಿ ಮೂಡುತ್ತದೆ. ಉಳಿಕೆಯನ್ನು ನಾಲ್ಕು ಅಂಕಿಗಳ ಒಂದು ವೆಕ್ಟರ್ ಅಂದುಕೊಳ್ಳಿ, `r = (1, −1, −1, 1)`. ಉಳಿಕೆಗಳ ಮೊತ್ತ ಸೊನ್ನೆ ಅಂದರೆ `r` ಅನ್ನುವುದು `(1, 1, 1, 1)`ಗೆ ಲಂಬ. `x` ಗುಣಿಸಿದ ಮೊತ್ತ ಸೊನ್ನೆ ಅಂದರೆ `r` ಅನ್ನುವುದು `(0, 1, 2, 3)`ಗೂ ಲಂಬ. ಗೆರೆ ಹೇಳುವ ಬೆಲೆಗಳೆಲ್ಲ ಈ ಎರಡು ವೆಕ್ಟರ್‌ಗಳನ್ನು ಬೆರೆಸಿಯೇ ಆಗುವುದು, ಹಾಗಾಗಿ ಅವು ಒಂದು ಸಮತಲದಲ್ಲಿ ಇರುತ್ತವೆ. `y` ಆ ಸಮತಲದ ಹೊರಗಿದೆ. ಸಮತಲದಲ್ಲಿ `y`ಗೆ ಅತಿ ಹತ್ತಿರದ ಜಾಗ ಬೇಕಾದರೆ `y`ಯಿಂದ ನೆಟ್ಟಗೆ ಲಂಬ ಇಳಿಸಬೇಕು. ಲಂಬ ಮುಟ್ಟುವ ಜಾಗ `(1, 3, 5, 7)`.

ಲಂಬ ಹೌದೋ ಅಲ್ಲವೋ ಅಂತ ಪೈಥಾಗೊರಸ್ ಪ್ರಮೇಯದಿಂದಲೇ ನೋಡಬಹುದು. `y`ಯ ಉದ್ದದ ವರ್ಗ 4 + 4 + 16 + 64 = 88. ಮುಟ್ಟಿದ ಜಾಗದ್ದು 1 + 9 + 25 + 49 = 84. ಉಳಿಕೆಯದ್ದು 4. ಹೌದು, 84 + 4 = 88. ನನಗೆ ಈ ಲೆಕ್ಕ ಕಣ್ಣಿಗೆ ಬಿದ್ದ ದಿನವೇ ಇಡೀ ವಿಷಯ ತಲೆಗೆ ಹೋದದ್ದು. ಅಲ್ಲಿಯವರೆಗೆ ಅದು ಬರೀ ಡೆರಿವೇಟಿವ್ ಕಸರತ್ತಾಗಿತ್ತು.

ಇದನ್ನೇ ಮ್ಯಾಟ್ರಿಕ್ಸ್‌ನಲ್ಲಿ ಬರೆದಾಗ `−2Xᵀy + 2XᵀXw` ಹೇಗೆ ಬರುತ್ತದೆ?

ಮೊದಲ ಕಾಲಮ್‌ನಲ್ಲಿ ಒಂದುಗಳು, ಎರಡನೆಯದರಲ್ಲಿ `x`ಗಳು:

```
    | 1 0 |        | 2 |
X = | 1 1 |    y = | 2 |    w = | a |
    | 1 2 |        | 4 |        | b |
    | 1 3 |        | 8 |
```

`S = (y − Xw)ᵀ(y − Xw)`. ಬಿಡಿಸಿದರೆ ನಾಲ್ಕು ಪದ:

```
S = yᵀy − yᵀXw − wᵀXᵀy + wᵀXᵀXw
```

ನಡುವಿನ ಎರಡು ಪದ ಒಂದಾಗುವುದು ಯಾಕೆ ಅಂತ ತುಂಬ ಜನ ಕೇಳುತ್ತಾರೆ. `yᵀXw` ಅನ್ನುವುದು ಬರೀ ಒಂದು ಸಂಖ್ಯೆ, ಮ್ಯಾಟ್ರಿಕ್ಸ್ ಅಲ್ಲ. ಒಂದು ಸಂಖ್ಯೆಯ ಟ್ರಾನ್ಸ್‌ಪೋಸ್ ಅದೇ ಸಂಖ್ಯೆ. ಅದರ ಟ್ರಾನ್ಸ್‌ಪೋಸ್ ಬರೆದರೆ `wᵀXᵀy`. ಹಾಗಾಗಿ ಎರಡೂ ಒಂದೇ, ಸೇರಿ `−2wᵀXᵀy`.

ಇನ್ನು `wᵀXᵀXw` ಗ್ರೇಡಿಯಂಟ್. ನಮ್ಮ ಲೆಕ್ಕದಲ್ಲಿ `XᵀX` ಅಂದರೆ ಮೊದಲ ಸಾಲು 4, 6. ಎರಡನೆಯ ಸಾಲು 6, 14. ಗುಣಿಸಿ ಬಿಡಿಸಿದರೆ

```
wᵀXᵀXw = 4a² + 12ab + 14b²
∂/∂a :   8a + 12b
∂/∂b :  12a + 28b
```

ಇದು ಸರಿಯಾಗಿ `2XᵀXw`. ಇಲ್ಲಿ 12 ಬಂದದ್ದು ಆ ಕಡೆಯ 6, ಈ ಕಡೆಯ 6 ಎರಡೂ ಸೇರಿ. `XᵀX` ಸಮಮಿತ ಆಗಿರುವುದರಿಂದಲೇ ಆ 2 ಹಾಗೆ ಚೆಂದವಾಗಿ ಹೊರಬರುತ್ತದೆ. ಸಮಮಿತ ಅಲ್ಲದ ಯಾವುದೋ `A` ಇದ್ದರೆ `wᵀAw` ಗ್ರೇಡಿಯಂಟ್ `(A + Aᵀ)w` ಆಗುತ್ತದೆ, `2Aw` ಅಲ್ಲ. ನಮಗೆ ಆ ತೊಂದರೆ ಇಲ್ಲ.

ಎಲ್ಲ ಸೇರಿಸಿ ಸೊನ್ನೆ ಮಾಡಿದರೆ `XᵀXw = Xᵀy`. `Xᵀy` ಬೆಲೆ (16, 34). ಕೈಲಿ ತೆಗೆದದ್ದೇ ಮತ್ತೆ ಬಂತು. ಇದನ್ನೇ `Xᵀ(y − Xw) = 0` ಅಂತ ಬರೆದರೆ ಲಂಬದ ಕಥೆ ಇನ್ನೂ ಸ್ಪಷ್ಟ: ಪ್ರತಿ ಕಾಲಮ್‌ಗೂ ಉಳಿಕೆ ಲಂಬ.

ಎರಡೂ ಕಡೆ `Xᵀ` ಇದೆ, ಹೊಡೆದುಹಾಕಿದರೆ `Xw = y` ಆಗಲ್ವಾ?

ಆಗಲ್ಲ. ಆಗಿದ್ದರೆ ನಾವು ಶುರು ಮಾಡಿದ, ಉತ್ತರವೇ ಇಲ್ಲದ ನಾಲ್ಕು ಸಮೀಕರಣಗಳಿಗೆ ವಾಪಸ್ ಹೋಗುತ್ತಿದ್ದೆವು. `Xᵀ` ಇಲ್ಲಿ 2 ಸಾಲು, 4 ಕಾಲಮ್‌ನದು, ಅದಕ್ಕೆ ಇನ್ವರ್ಸ್ ಇಲ್ಲ. ಸೊನ್ನೆ ಅಲ್ಲದ ವೆಕ್ಟರನ್ನೂ ಅದು ಸೊನ್ನೆ ಮಾಡಿಬಿಡುತ್ತದೆ. ನಮ್ಮ `r = (1, −1, −1, 1)` ಅಂಥದ್ದೇ: `Xᵀr` ಸೊನ್ನೆ, ಆದರೆ `r` ಸೊನ್ನೆ ಅಲ್ಲ.

ಗ್ರೇಡಿಯಂಟ್ ಸೊನ್ನೆ ಆದರೆ ಅದು ಕನಿಷ್ಠವೇ ಅಂತ ಏನು ಗ್ಯಾರಂಟಿ? ಗರಿಷ್ಠ ಆಗಿರಬಹುದಲ್ವಾ?

ಒಳ್ಳೆಯ ಪ್ರಶ್ನೆ, ಸಾಮಾನ್ಯವಾಗಿ ಇದನ್ನು ಹೇಳದೆ ಹಾರಿಸಿಬಿಡುತ್ತಾರೆ. ಎರಡನೆಯ ಡೆರಿವೇಟಿವ್‌ಗಳ ಮ್ಯಾಟ್ರಿಕ್ಸ್ `2XᵀX`, ಅದು ಪಾಸಿಟಿವ್ ಡೆಫಿನಿಟ್ ಅಂತ ಒಂದು ಸಾಲಲ್ಲಿ ಮುಗಿಸಬಹುದು. ಆದರೆ ಕೈಯಲ್ಲಿ ನೋಡುವುದೇ ಚೆಂದ.

ಉತ್ತರದಿಂದ ಸ್ವಲ್ಪ ಆಚೆ ಸರಿಯಿರಿ: `a = 1 + p`, `b = 2 + q`. ಪ್ರತಿ ಉಳಿಕೆಯಿಂದಲೂ `p + qx` ಕಳೆಯುತ್ತದೆ. ವರ್ಗ ಮಾಡಿ ಕೂಡಿದಾಗ ನಡುವೆ `−2r(p + qx)` ಅನ್ನುವ ಪದಗಳು ಬರುತ್ತವೆ, ಅವುಗಳ ಮೊತ್ತ ಸೊನ್ನೆ, ಯಾಕಂದರೆ `r` ಎರಡೂ ಕಾಲಮ್‌ಗೆ ಲಂಬ. ಉಳಿಯುವುದು ಇಷ್ಟೇ:

```
S = 4 + p² + (p + q)² + (p + 2q)² + (p + 3q)²
```

4ರ ಜೊತೆ ವರ್ಗಗಳನ್ನು ಕೂಡುತ್ತಿದ್ದೇವೆ, ಕಡಿಮೆ ಆಗುವ ದಾರಿಯೇ ಇಲ್ಲ. ಒಂದು ಕೈ ನೋಡೋಣ: `a = 0, b = 2.5` ತೆಗೆದುಕೊಳ್ಳಿ. `p = −1`, `q = 0.5`. ಸೇರುವುದು 1 + 0.25 + 0 + 0.25 = 1.5, ಹಾಗಾಗಿ `S = 5.5`. ನೇರವಾಗಿ ಉಳಿಕೆ ತೆಗೆದರೂ 2, −0.5, −1, 0.5, ವರ್ಗಗಳ ಮೊತ್ತ 5.5. ಸರಿ ಬಂತು. ಕಣ್ಣಳತೆಯಲ್ಲಿ ಆ ಗೆರೆಯೂ ಚೆನ್ನಾಗಿಯೇ ಕಾಣುತ್ತದೆ, ಆದರೂ 4ಕ್ಕಿಂತ ಜಾಸ್ತಿ.

ಹಾಗಾದರೆ ಗ್ರೇಡಿಯಂಟ್ ಡಿಸೆಂಟ್ ಯಾಕೆ ಮಾಡುತ್ತಾರೆ?

ಇಷ್ಟು ಚಿಕ್ಕ ಲೆಕ್ಕಕ್ಕೆ ಯಾರೂ ಮಾಡುವುದಿಲ್ಲ. ಗೊತ್ತಿಲ್ಲದ ಗುಣಾಂಕಗಳು ಲಕ್ಷಗಟ್ಟಲೆ ಇದ್ದಾಗ `XᵀX` ಕಟ್ಟಿ ಬಿಡಿಸುವುದೇ ಭಾರ, ಆಗ ಮೆಲ್ಲಗೆ ಇಳಿಯುವುದೇ ವಾಸಿ. (0, 0)ಯಿಂದ ಶುರು ಮಾಡಿದರೆ `S = 88`, ಗ್ರೇಡಿಯಂಟ್ (−32, −68). ಅದರ ಎದುರು ದಿಕ್ಕಿಗೆ 0.01 ಪಾಲಿನ ಒಂದು ಹೆಜ್ಜೆ ಇಟ್ಟರೆ (0.32, 0.68), `S` ಸುಮಾರು 41ಕ್ಕೆ ಇಳಿಯುತ್ತದೆ. ಹೀಗೇ ಇಳಿಯುತ್ತಾ ಹೋದರೆ ಕೊನೆಗೆ (1, 2) ಹತ್ತಿರವೇ ಸೇರುವುದು.

`XᵀX` ಇನ್ವರ್ಸ್ ಇಲ್ಲದೆ ಹೋಗುವುದು ಯಾವಾಗ?

ಒಂದು ಕಾಲಮ್ ಉಳಿದ ಕಾಲಮ್‌ಗಳಿಂದಲೇ ಬಂದುಬಿಡುವಾಗ. ನಮ್ಮ ಲೆಕ್ಕದಲ್ಲಿ ನಾಲ್ಕೂ `x` 2 ಆಗಿದ್ದರೆ ಎರಡನೆಯ ಕಾಲಮ್ ಮೊದಲನೆಯದರ ಎರಡರಷ್ಟು. `XᵀX` ಸಾಲುಗಳು (4, 8) ಮತ್ತು (8, 16), ಡಿಟರ್ಮಿನೆಂಟ್ 64 − 64 = 0. ಎಲ್ಲ ಬಿಂದುಗಳೂ ಒಂದರ ಮೇಲೊಂದು ನಿಂತಿರುವಾಗ ಗೆರೆಯ ಇಳಿಜಾರು ಎಷ್ಟು ಅಂತ ಕೇಳುವುದಕ್ಕೇ ಅರ್ಥ ಇಲ್ಲ. ಗಮನಿಸಿ, ಆಗಲೂ ಕನಿಷ್ಠ ಇರುತ್ತದೆ, ಆದರೆ ಒಂದಲ್ಲ: `a + 2b = 4` ಆಗುವ ಎಲ್ಲ ಜೋಡಿಗಳೂ ಅಷ್ಟೇ ಒಳ್ಳೆಯವು. `S` ಬಟ್ಟಲಿನ ಹಾಗೆ ಇರದೆ ಉದ್ದನೆಯ ಕಾಲುವೆ ಹಾಗೆ ಇರುತ್ತದೆ, ಅದರ ತಳದುದ್ದಕ್ಕೂ ಗ್ರೇಡಿಯಂಟ್ ಸೊನ್ನೆ.

ಕಾಗದದ ಮೇಲೆ ಸರಿ ಬಂದದ್ದು ಕಂಪ್ಯೂಟರ್‌ನಲ್ಲಿ ಯಾಕೆ ಕೆಡುತ್ತದೆ?

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದರೆ ಇದು ನಿಜವಾಗಿ ಕೈಸುಡುವ ಜಾಗ. ನಮ್ಮ `XᵀX` ಡಿಟರ್ಮಿನೆಂಟ್ 4·14 − 6·6 = 20. ಈಗ ಅದೇ ನಾಲ್ಕು ಬಿಂದುಗಳು, ಆದರೆ `x` ಜಾಗದಲ್ಲಿ ಇಸವಿ: 2020, 2021, 2022, 2023. ಬಿಂದುಗಳ ನಡುವಿನ ಅಂತರ ಬದಲಾಗಿಲ್ಲ, ಡಿಟರ್ಮಿನೆಂಟ್ ಈಗಲೂ 20. ಆದರೆ ಅದು ಬರುವ ದಾರಿ ನೋಡಿ:

```
4 · 16345854 − 8086²  =  65383416 − 65383396  =  20
```

ಆರೂವರೆ ಕೋಟಿಯ ಎರಡು ಸಂಖ್ಯೆ ಕಳೆದು ಇಪ್ಪತ್ತು. ಇನ್ನೂ ಮುಂದೆ ಹೋಗಿ, `x` ಅನ್ನುವುದು ಕಂಪ್ಯೂಟರ್ ಗಡಿಯಾರದ ಸೆಕೆಂಡು ಅನ್ನಿ, 1700000000ರಿಂದ ಶುರುವಾಗಿ ನಾಲ್ಕು ಸೆಕೆಂಡು. ಈಗ ಕಳೆಯಬೇಕಾದ ಸಂಖ್ಯೆಗಳು ಸುಮಾರು 4.6 × 10¹⁹. ಸಾಮಾನ್ಯ 64 ಬಿಟ್‌ನ ದಶಮಾಂಶ ಸಂಖ್ಯೆಗಳು ಅಷ್ಟು ದೊಡ್ಡ ಜಾಗದಲ್ಲಿ 8192ಕ್ಕೊಂದರಂತೆ ಮಾತ್ರ ಇವೆ. ಅಂದಮೇಲೆ ವ್ಯತ್ಯಾಸ 0 ಬರಬಹುದು, ಇಲ್ಲವೇ 8192ರ ಯಾವುದೋ ಗುಣಕ, ಮೈನಸ್ ಕೂಡ ಬರಬಹುದು. 20 ಮಾತ್ರ ಬರಲು ಸಾಧ್ಯವೇ ಇಲ್ಲ. ಲೆಕ್ಕ ನಿಲ್ಲದೆ ಓಡಿ, ಅಸಂಬದ್ಧ ಇಳಿಜಾರೊಂದನ್ನು ಕೊಟ್ಟರೂ ಕೊಟ್ಟೀತು.

ಮದ್ದು ಸುಲಭ. `x`ನಿಂದ ಅದರ ಸರಾಸರಿ ಕಳೆದುಬಿಡಿ. ನಮ್ಮ ಲೆಕ್ಕದಲ್ಲಿ `u = x − 1.5`, ಅಂದರೆ −1.5, −0.5, 0.5, 1.5. ಈಗ `u`ಗಳ ಮೊತ್ತ 0, `u²` ಮೊತ್ತ 5, `u·y` ಮೊತ್ತ −3 − 1 + 2 + 12 = 10. ನಾರ್ಮಲ್ ಸಮೀಕರಣಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಬರುತ್ತವೆ:

```
4c = 16   →  c = 4
5b = 10   →  b = 2
```

`y = 4 + 2(x − 1.5)`, ಬಿಡಿಸಿದರೆ ಅದೇ `1 + 2x`. ಕೈಲೆಕ್ಕ ಮಾಡುವಾಗಲೂ ನಾನು ಇದನ್ನೇ ಮಾಡುವುದು.

ಕಾಲಮ್‌ಗಳು ಜಾಸ್ತಿ ಇದ್ದು, ಒಂದಕ್ಕೊಂದು ತುಂಬ ಹೋಲುತ್ತಿದ್ದರೆ ಸರಾಸರಿ ಕಳೆಯುವುದು ಸಾಲದು. `XᵀX` ಕಟ್ಟಿದ ಕ್ಷಣದಲ್ಲೇ `X`ನ ಕಂಡಿಷನ್ ನಂಬರ್, ಅಂದರೆ ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ಪಟ್ಟು ಹಿಗ್ಗಬಹುದು ಅನ್ನುವ ಅಳತೆ, ವರ್ಗವಾಗಿಬಿಡುತ್ತದೆ, 10⁵ ಇದ್ದದ್ದು 10¹⁰. ಅದಕ್ಕೇ ಲೈಬ್ರರಿಗಳು ಸಾಮಾನ್ಯವಾಗಿ `XᵀX` ಕಟ್ಟದೆ, `X` ಮೇಲೇ ಕ್ಯೂಆರ್ ಅಥವಾ ಎಸ್‌ವಿಡಿ ಮಾಡಿ ಅದೇ ಉತ್ತರ ತೆಗೆಯುತ್ತವೆ.

ಕೋಡ್‌ನಲ್ಲಿ ನೋಡಬೇಕಿತ್ತು.

```python
import numpy as np
x = np.array([0, 1, 2, 3])
y = np.array([2, 2, 4, 8])
X = np.column_stack([np.ones(4), x])

w = np.linalg.solve(X.T @ X, X.T @ y)
r = y - X @ w
print(w)        # 1 ಮತ್ತು 2
print(X.T @ r)  # ಎರಡೂ ಸೊನ್ನೆ, ಅಥವಾ ಸೊನ್ನೆಗೆ ತೀರಾ ಹತ್ತಿರ
```

`np.linalg.inv` ಬಳಸಿ ಇನ್ವರ್ಸ್ ತೆಗೆದು ಗುಣಿಸಬೇಡಿ, `solve` ಸಾಕು. ನಿಜವಾದ ಕೆಲಸಕ್ಕೆ `np.linalg.lstsq(X, y, rcond=None)` ಬಳಸಿ. ಕೊನೆಯ ಸಾಲಿನಲ್ಲಿ 10⁻¹⁵ ಆಸುಪಾಸಿನ ಅಂಕಿ ಕಂಡರೆ ಗಾಬರಿ ಬೇಡ. 0.3 ಥರ ಏನಾದರೂ ಕಂಡರೆ ಗಾಬರಿ ಆಗಿ.

ಒಂದುಗಳ ಕಾಲಮ್ ಹಾಕುವುದು ಮರೆತರೆ?

ಗೆರೆ ಬಲವಂತವಾಗಿ (0, 0) ಮೂಲಕ ಹೋಗುತ್ತದೆ. ಒಂದೇ ಸಮೀಕರಣ ಉಳಿಯುತ್ತದೆ, `14b = 34`, `b` ಸುಮಾರು 2.43. ಆಗ ಉಳಿಕೆಗಳ ಮೊತ್ತ 16 − 6·(34/14), ಸುಮಾರು 1.43, ಸೊನ್ನೆ ಅಲ್ಲ. ಉಳಿಕೆಗಳ ಮೊತ್ತ ಯಾವಾಗಲೂ ಸೊನ್ನೆ ಅಂತ ಬಾಯಿಪಾಠ ಮಾಡಿಕೊಂಡವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಆ ಸೊನ್ನೆ ಬರುತ್ತಿದ್ದದ್ದು ಒಂದುಗಳ ಕಾಲಮ್‌ನಿಂದ. ಕಾಲಮ್ ಹೋದರೆ ಸೊನ್ನೆಯೂ ಹೋಯಿತು.

ಒಂದು ಅಂಕಿ ತಪ್ಪಾಗಿ ಟೈಪ್ ಆಗಿದ್ದರೆ ನಾರ್ಮಲ್ ಸಮೀಕರಣ ಹೇಳುತ್ತದಾ?

ಹೇಳುವುದಿಲ್ಲ. ಕೊನೆಯ 8ರ ಬದಲು 28 ಅಂತ ಬಿದ್ದಿದೆ ಅನ್ನಿ. ಬಲಗಡೆ (36, 94) ಆಗುತ್ತದೆ, ಬಿಡಿಸಿದರೆ `a = −3`, `b = 8`. ಒಂದೇ ಒಂದು ಅಂಕಿಗೆ ಇಳಿಜಾರು 2ರಿಂದ 8ಕ್ಕೆ ಹಾರಿತು. ಉಳಿಕೆಗಳು 5, −3, −9, 7. ಮೊತ್ತ ಸೊನ್ನೆ, `x` ಗುಣಿಸಿದ ಮೊತ್ತವೂ ಸೊನ್ನೆ, ಲಂಬ ಪರೀಕ್ಷೆ ಪಾಸು! ಇನ್ನೊಂದು ಗಮನಿಸಿ: ಅತಿ ದೊಡ್ಡ ಉಳಿಕೆ ಇರುವುದು ತಪ್ಪಾದ ಬಿಂದುವಿನಲ್ಲಿ ಅಲ್ಲ, ಪಾಪ ಸರಿಯಾಗಿದ್ದ ಮೂರನೆಯದರಲ್ಲಿ. ದೊಡ್ಡ ತಪ್ಪನ್ನು ವರ್ಗ ಇನ್ನೂ ದೊಡ್ಡದು ಮಾಡುತ್ತದೆ, ಅದನ್ನು ಇಳಿಸಲು ಗೆರೆ ಆ ಕಡೆ ವಾಲುತ್ತದೆ. ಹಾಗಾಗಿ ಬರೀ ಉಳಿಕೆಯ ಗಾತ್ರ ನೋಡಿ ಕಳ್ಳನನ್ನು ಹಿಡಿಯಲು ಹೋಗಬೇಡಿ, ಮೊದಲು ಬಿಂದುಗಳನ್ನು ಗ್ರಾಫ್ ಹಾಳೆಯ ಮೇಲೆ ಇಟ್ಟು ನೋಡಿ.

ಸರಿಯಾದ ಅಂಕಿಗಳಲ್ಲೇ ಉಳಿಕೆ 1, −1, −1, 1 ಬಂತಲ್ಲ, ಅದು ಸ್ವಲ್ಪ ವಿಚಿತ್ರವಾಗಿ ಕಾಣುವುದಿಲ್ವಾ?

ಕಾಣುತ್ತದೆ, ಕಾಣಬೇಕು ಕೂಡ. ಎರಡು ತುದಿಯಲ್ಲಿ ಪ್ಲಸ್, ನಡುವೆ ಮೈನಸ್. ಬಿಂದುಗಳು ಬಾಗಿವೆ, ನಾವು ನೆಟ್ಟಗಿನ ಗೆರೆ ಎಳೆದಿದ್ದೇವೆ. ಗ್ರೇಡಿಯಂಟ್ ಸೊನ್ನೆ ಅಂದರೆ ಗೆರೆಗಳಲ್ಲಿ ಇದೇ ಉತ್ತಮ ಅಂತ ಅಷ್ಟೇ, ಗೆರೆಯೇ ಸರಿಯಾದ ಆಯ್ಕೆ ಅಂತಲ್ಲ.

`x²` ಕಾಲಮ್ ಒಂದು ಸೇರಿಸಿ: 0, 1, 4, 9. ಈಗ ರೂಪ `y = a + bx + cx²`. ವಕ್ರರೇಖೆ ಬಂದರೂ ವಿಧಾನ ಅದೇ, ಯಾಕಂದರೆ `a, b, c` ಮೇಲೆ ಇದು ಇನ್ನೂ ಸರಳವೇ, ಗ್ರೇಡಿಯಂಟ್ ಹಾಗೆಯೇ ತೆಗೆಯಬಹುದು. ಹೊಸದಾಗಿ ಬೇಕಾದ ಮೊತ್ತಗಳು: `x³` 36, `x⁴` 98, `x²y` 90.

```
 4a +  6b + 14c = 16
 6a + 14b + 36c = 34
14a + 36b + 98c = 90
```

ಬಿಡಿಸಿದರೆ `a = 2, b = −1, c = 1`. ಮೂರನೆಯ ಸಾಲಿಗೆ ಹಾಕಿ ನೋಡಿ: 28 − 36 + 98 = 90. `y = 2 − x + x²` ಬೆಲೆಗಳು 2, 2, 4, 8, ನಾಲ್ಕೂ ಉಳಿಕೆ ಸೊನ್ನೆ. ನಿಜ ಹೇಳಬೇಕೆಂದರೆ ಲೆಕ್ಕ ಚೆಂದ ಬರಲಿ ಅಂತ ಬಿಂದುಗಳನ್ನು ನಾನೇ ಹಾಗೆ ಆರಿಸಿದ್ದು. ನಿಮ್ಮ ಅಂಕಿಗಳಲ್ಲಿ ಇಷ್ಟು ಚೆಂದ ಬರುವುದಿಲ್ಲ. ನಾಲ್ಕು ಬಿಂದುಗಳಿಗೆ `x³` ಕಾಲಮ್ಮನ್ನೂ ಸೇರಿಸಿಬಿಟ್ಟರೆ, `x`ಗಳು ಬೇರೆಬೇರೆ ಇದ್ದರೆ ಸಾಕು, `y` ಏನೇ ಇರಲಿ, 28 ಅಂತ ತಪ್ಪಾಗಿ ಬಿದ್ದಿದ್ದರೂ ಸರಿ, ಉಳಿಕೆ ಸೊನ್ನೆಯೇ ಬರುತ್ತದೆ. ಆ ಸೊನ್ನೆ ನೋಡಿ ಖುಷಿಪಡುವ ಮೊದಲು ಬಿಂದು ಎಷ್ಟು, ಕಾಲಮ್ ಎಷ್ಟು ಅಂತ ಎಣಿಸಿ.